ಎಸ್‌ಎಪಿಯಲ್ಲಿ ಖರೀದಿ ಅಪ್ರೂವಲ್ ಬದಲಾವಣೆ: ಡೆವ್‌ನಿಂದ ಪ್ರೊಡಕ್ಷನ್‌ಗೆ ಸುರಕ್ಷಿತವಾಗಿ ಒಯ್ಯುವುದು ಹೇಗೆ?

ಒಂದು ಕಂಪನಿ ಇದೆ ಅಂದುಕೊಳ್ಳೋಣ. ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ಮೆಣಸಿನಕಾಯಿ ಖರೀದಿ ಮತ್ತು ಪುಡಿ ಮಾಡುವ ಘಟಕ ಬ್ಯಾಡಗಿಯಲ್ಲಿ. ಖರೀದಿ, ಸ್ಟಾಕ್, ಲೆಕ್ಕ ಎಲ್ಲವೂ ಎಸ್‌ಎಪಿ ಎಂಬ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಈಗಿನ ನಿಯಮ ಸರಳ. 5 ಲಕ್ಷ ರೂಪಾಯಿ ದಾಟಿದ ಪರ್ಚೇಸ್ ಆರ್ಡರ್‌ಗೆ ಪರ್ಚೇಸ್ ಮ್ಯಾನೇಜರ್ ಒಪ್ಪಿಗೆ ಬೇಕು. ಸೀಸನ್ ಶುರುವಾಗುವ ಮೊದಲು ಮಾಲೀಕರು ಹೊಸ ನಿಯಮ ತಂದಿದ್ದಾರೆ: 10 ಲಕ್ಷ ದಾಟಿದರೆ ಮ್ಯಾನೇಜರ್ ಜೊತೆಗೆ ಫೈನಾನ್ಸ್ ಮುಖ್ಯಸ್ಥರೂ ಒಪ್ಪಬೇಕು.

ಇಂಥ ಹೊತ್ತಲ್ಲಿ ಐಟಿಯವರಿಗೆ ಬರುವ ಫೋನ್ ಹೇಗಿರುತ್ತದೆ ಅಂತ ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. "ಸರ್, ಪ್ರೊಡಕ್ಷನ್ ಒಂದ್ ಹತ್ತ ನಿಮಿಷ ಓಪನ್ ಮಾಡ್ರಿ. ಎರಡ ಎಂಟ್ರಿ ಹಾಕೂದೈತಿ, ಅಷ್ಟ."

ಓಪನ್ ಮಾಡಬೇಡಿ. ಆ ಎರಡು ಎಂಟ್ರಿ ನಿಜವಾದ ವ್ಯವಹಾರ ನಡೆಯುವ ಪ್ರೊಡಕ್ಷನ್ ಸಿಸ್ಟಮ್‌ನಲ್ಲಿ ಮಾತ್ರ ಇರುತ್ತವೆ, ಬದಲಾವಣೆ ಹುಟ್ಟಬೇಕಾದ ಡೆವ್ ಸಿಸ್ಟಮ್‌ನಲ್ಲಿ ಹಳೆಯದೇ ಉಳಿಯುತ್ತದೆ. ಕೆಲವು ತಿಂಗಳ ನಂತರ ಯಾರೋ ಬೇರೆ ಕೆಲಸಕ್ಕೆ ಅದೇ ಸಾಲನ್ನು ಡೆವ್‌ನಲ್ಲಿ ಮುಟ್ಟಿ ಕಳಿಸುತ್ತಾರೆ. ಆಗ ಹಳೆಯ ನಿಯಮ ಮತ್ತೆ ಪ್ರೊಡಕ್ಷನ್‌ಗೆ ಬಂದು ಕೂರುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ.

ಇದೇ ಬದಲಾವಣೆಯನ್ನು ಸರಿಯಾದ ದಾರಿಯಲ್ಲಿ ಒಯ್ಯುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ. ಈ ಉದಾಹರಣೆ ಬೇಕೆಂದೇ ಆರಿಸಿದ್ದು. ಇದರಲ್ಲಿ ಅರ್ಧ ಭಾಗ ಟ್ರಾನ್ಸ್‌ಪೋರ್ಟ್‌ನಲ್ಲಿ, ಅಂದರೆ ಬದಲಾವಣೆಯನ್ನು ಒಂದು ಸಿಸ್ಟಮ್‌ನಿಂದ ಮುಂದಿನದಕ್ಕೆ ಒಯ್ಯುವ ಎಸ್‌ಎಪಿ ವ್ಯವಸ್ಥೆಯಲ್ಲಿ ಹೋಗುತ್ತದೆ, ಅರ್ಧ ಹೋಗುವುದೇ ಇಲ್ಲ. ತೊಂದರೆ ಆಗುವುದೂ ಅಲ್ಲೇ. ಇಲ್ಲಿ ಹೇಳುವುದು ಕಂಪನಿಯ ಸ್ವಂತ ಸರ್ವರ್‌ನಲ್ಲಿ ನಡೆಯುವ ಇಸಿಸಿ ಅಥವಾ ಎಸ್/4ಹಾನಾಗೆ, ಯಾವ ಆರ್ಡರ್‌ಗೆ ಯಾರ ಒಪ್ಪಿಗೆ ಬೇಕು ಎಂದು ಹೇಳುವ ಹಳೆಯ ರಿಲೀಸ್ ಸ್ಟ್ರಾಟಜಿ ವಿಧಾನ ಬಳಸುವವರಿಗೆ ಅನ್ವಯಿಸುತ್ತದೆ.

## ಮೂರು ಸಿಸ್ಟಮ್, ಒಂದೇ ದಿಕ್ಕು

ಡೆವ್‌ನಲ್ಲಿ ಬದಲಾವಣೆ ಹುಟ್ಟುತ್ತದೆ. ಕ್ವಾಲಿಟಿಯಲ್ಲಿ ಅದರ ಪರೀಕ್ಷೆ. ಪ್ರೊಡಕ್ಷನ್‌ನಲ್ಲಿ ನಿಜವಾದ ವ್ಯವಹಾರ. ಬದಲಾವಣೆ ಈ ದಿಕ್ಕಿನಲ್ಲಿ ಮಾತ್ರ ಹರಿಯಬೇಕು.

ಪ್ರತಿ ಸಿಸ್ಟಮ್ ಒಳಗೆ ಕ್ಲೈಂಟ್‌ಗಳಿರುತ್ತವೆ, ಮೂರಂಕಿಯ ನಂಬರ್ ಇರುವ ಬೇರೆ ಬೇರೆ ಡೇಟಾ ಕೋಣೆಗಳು. ನಮ್ಮ ಉದಾಹರಣೆಯಲ್ಲಿ ಡೆವ್‌ನಲ್ಲಿ ಎರಡು ಇವೆ. 100 ರಲ್ಲಿ ಕಾನ್ಫಿಗರೇಶನ್ ಮಾತ್ರ, 120 ರಲ್ಲಿ ಮೊದಲ ಪರೀಕ್ಷೆ. ಕ್ವಾಲಿಟಿಯಲ್ಲಿ 200, ಪ್ರೊಡಕ್ಷನ್‌ನಲ್ಲಿ 300. 100 ರಲ್ಲಿ ಪರ್ಚೇಸ್ ಆರ್ಡರ್ ಹಾಕಿ ಆಟ ಆಡಲು ಬಿಡಬೇಡಿ. ಒಮ್ಮೆ ಅಲ್ಲಿ ಡಾಕ್ಯುಮೆಂಟ್‌ಗಳು ಸೇರಿದರೆ ಕೆಲವು ಸೆಟ್ಟಿಂಗ್‌ಗಳನ್ನು ಬದಲಾಯಿಸಲು ಸಿಸ್ಟಮ್ಮೇ ಬಿಡುವುದಿಲ್ಲ.

ಶುರು ಮಾಡುವ ಮೊದಲು ಬೀಗಗಳನ್ನು ನೋಡಿ. `SCC4` ತೆರೆದು ಕ್ಲೈಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ. ಡೆವ್ 100 ರಲ್ಲಿ `Automatic recording of changes` ಆಯ್ಕೆಯಾಗಿರಬೇಕು. ಆಗ ನೀವು ಯಾವ ಕಾನ್ಫಿಗರೇಶನ್ ಸೇವ್ ಮಾಡಿದರೂ, ಬದಲಾವಣೆಗಳನ್ನು ಕಟ್ಟಿಡುವ ಗಂಟಾದ ಟ್ರಾನ್ಸ್‌ಪೋರ್ಟ್ ರಿಕ್ವೆಸ್ಟ್ ಕೇಳುತ್ತದೆ. ಪ್ರೊಡಕ್ಷನ್ 300 ರಲ್ಲಿ `No changes allowed` ಇರಬೇಕು. ಕ್ವಾಲಿಟಿ 200 ಕೂಡ ಹಾಗೇ ಇರಲಿ. ಕ್ವಾಲಿಟಿಯನ್ನು ಸಡಿಲ ಬಿಟ್ಟರೆ ಕೈಯಿಂದ ಸರಿ ಮಾಡಿಕೊಂಡ ಸಿಸ್ಟಮ್‌ನಲ್ಲಿ ಪರೀಕ್ಷೆ ಪಾಸಾಗುತ್ತದೆ, ಪ್ರೊಡಕ್ಷನ್‌ನಲ್ಲಿ ಫೇಲಾಗುತ್ತದೆ.

## ಹಂತ 1: ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂದು ಬರೆದುಕೊಳ್ಳಿ

ಕೀಬೋರ್ಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ಈ ಬದಲಾವಣೆಯ ಭಾಗಗಳನ್ನು ಬಿಡಿಸಿ ಬರೆಯಿರಿ.

ಹಳೆಯ ಸ್ಟ್ರಾಟಜಿ S1, ಅದಕ್ಕೆ ಮ್ಯಾನೇಜರ್ ರಿಲೀಸ್ ಕೋಡ್, ಅಂದರೆ ಒಪ್ಪುವವರ ಗುರುತು, P1. ಈಗ ಫೈನಾನ್ಸ್‌ಗೆ ಹೊಸ ರಿಲೀಸ್ ಕೋಡ್ F1 ಬೇಕು. P1 ಮತ್ತು F1 ಎರಡೂ ಇರುವ ಹೊಸ ಸ್ಟ್ರಾಟಜಿ S2 ಬೇಕು. ಇವೆರಡೂ ಕಾನ್ಫಿಗರೇಶನ್, ಟ್ರಾನ್ಸ್‌ಪೋರ್ಟ್‌ನಲ್ಲಿ ಹೋಗುತ್ತವೆ. ಫೈನಾನ್ಸ್ ಮುಖ್ಯಸ್ಥರಿಗೆ F1 ಬಳಸುವ ಅಧಿಕಾರ ಕೊಡುವ ರೋಲ್ ಬೇಕು. ರೋಲ್ ಕೂಡ `PFCG` ಮೂಲಕ ಟ್ರಾನ್ಸ್‌ಪೋರ್ಟ್‌ನಲ್ಲಿ ಹೋಗುತ್ತದೆ. ಆದರೆ ಆ ರೋಲನ್ನು ಅವರ ಯೂಸರ್‌ಗೆ ಜೋಡಿಸುವುದನ್ನು ಪ್ರೊಡಕ್ಷನ್‌ನಲ್ಲೇ ಮಾಡುವುದು ಒಳ್ಳೆಯದು.

ಇನ್ನು ಉಳಿದದ್ದು ಯಾವ ಮೊತ್ತಕ್ಕೆ ಯಾವ ಸ್ಟ್ರಾಟಜಿ ಎನ್ನುವ ಬೆಲೆಗಳು, ಅಂದರೆ ಮಾಲಿನ ದರ ಅಲ್ಲ, ಎಸ್‌ಎಪಿಯಲ್ಲಿ ವ್ಯಾಲ್ಯೂ ಅನ್ನುವುದು. ಇಡೀ ಬದಲಾವಣೆಯ ಜೀವ ಇರುವುದೇ ಇಲ್ಲಿ.

```
S1   NB, ZCH   500,000.01 - 1,000,000.00 INR
S2   NB, ZCH   > 1,000,000.00 INR
```

ಇಲ್ಲಿ NB ಮಾಮೂಲಿ ಆರ್ಡರ್ ಟೈಪ್, ZCH ಮೆಣಸಿನಕಾಯಿಗೆ ಮಾಡಿಕೊಂಡದ್ದು. ಮೊತ್ತ ಬರುವುದು `CEKKO` ರಚನೆಯ `GNETW` ಎಂಬ ಫೀಲ್ಡ್‌ನಿಂದ. ಅದು ತೆರಿಗೆ ಸೇರಿಸದ ನಿವ್ವಳ ಮೊತ್ತ. ಇದನ್ನು ಫೈನಾನ್ಸ್‌ನವರಿಗೆ ಮೊದಲೇ ಹೇಳಿಬಿಡಿ. ಅವರ ಮನಸ್ಸಿನಲ್ಲಿ ಜಿಎಸ್‌ಟಿ ಸೇರಿ 10 ಲಕ್ಷ ಅಂತ ಇದ್ದರೆ ಪರೀಕ್ಷೆಯ ದಿನ ಜಗಳ ಶುರುವಾಗುತ್ತದೆ.

ಈ ಬೆಲೆಗಳು ಕಾನ್ಫಿಗರೇಶನ್ ಪರದೆಯಲ್ಲೇ ಕಾಣುತ್ತವೆ. ಸ್ಟ್ರಾಟಜಿಯ ಒಳಗೆ `Classification` ಅಂತ ಬಟನ್ ಇದೆ, ಅಲ್ಲೇ ತುಂಬುತ್ತೇವೆ. ಹಾಗಾಗಿ ಇವೂ ರಿಕ್ವೆಸ್ಟ್‌ನಲ್ಲಿ ಸೇರಿವೆ ಅಂತಲೇ ಎಲ್ಲರೂ ನಂಬುತ್ತಾರೆ. ಸೇರಿರುವುದಿಲ್ಲ. ಎಸ್‌ಎಪಿ ಲೆಕ್ಕದಲ್ಲಿ ಇದು ಕ್ಲಾಸಿಫಿಕೇಶನ್ ಡೇಟಾ, ಮಾಸ್ಟರ್ ಡೇಟಾದ ಜಾತಿಗೆ ಸೇರಿದ್ದು. ಮೊತ್ತ, ಆರ್ಡರ್ ಟೈಪ್ ಥರದ ಕ್ಯಾರೆಕ್ಟರಿಸ್ಟಿಕ್‌ಗಳಿಗೆ ಪ್ರತಿ ಸಿಸ್ಟಮ್ ತನ್ನದೇ ಒಳಗಿನ ನಂಬರ್ ಕೊಟ್ಟುಕೊಳ್ಳುತ್ತದೆ. ಡೆವ್‌ನ ನಂಬರ್ ಪ್ರೊಡಕ್ಷನ್‌ನಲ್ಲಿ ಬೇರೆ ಏನಕ್ಕೋ ಇರಬಹುದು. ಅದಕ್ಕೇ ಸಾಮಾನ್ಯ ಟ್ರಾನ್ಸ್‌ಪೋರ್ಟ್ ಇದನ್ನು ಮುಟ್ಟುವುದಿಲ್ಲ. ಇದನ್ನು ಸಿಸ್ಟಮ್‌ಗಳ ನಡುವೆ ಡೇಟಾ ಕಳಿಸುವ ಎಎಲ್‌ಇ ಮೂಲಕ `BD91`, `BD92`, `BD93` ಬಳಸಿ ಕಳಿಸಬಹುದು. ಎರಡೇ ಸ್ಟ್ರಾಟಜಿ ಇರುವಾಗ ಪ್ರತಿ ಸಿಸ್ಟಮ್‌ನಲ್ಲಿ `CL20N` ತೆರೆದು ಕೈಯಿಂದ ಹಾಕುವುದೇ ನನಗೆ ಸರಿ ಅನಿಸುತ್ತದೆ. ಕ್ಲೈಂಟ್‌ಗೆ ಬೀಗ ಇದ್ದರೂ `CL20N` ಕೆಲಸ ಮಾಡುತ್ತದೆ. ಹಾಗಾಗಿ ಪ್ರೊಡಕ್ಷನ್ ಓಪನ್ ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಹಾಳೆಯಲ್ಲಿ ಇನ್ನೊಂದು ಕಾಲಂ ಬೇಕು: ಈಗ ಪ್ರೊಡಕ್ಷನ್‌ನಲ್ಲಿ ಏನಿದೆ ಎಂಬುದು. S1 ನ ಈಗಿನ ಬೆಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರಾನ್ಸ್‌ಪೋರ್ಟ್‌ಗೆ ಹಿಂದಕ್ಕೆ ಹೋಗುವ ಬಟನ್ ಇಲ್ಲ. ಹಳೆಯದಕ್ಕೆ ಮರಳಬೇಕಾದರೆ ಹಳೆಯ ಸೆಟ್ಟಿಂಗ್‌ಗಳನ್ನು ಮತ್ತೆ ಡೆವ್‌ನಲ್ಲಿ ಹಾಕಿ ಹೊಸ ರಿಕ್ವೆಸ್ಟ್ ಕಳಿಸಬೇಕು, ಈ ಬೆಲೆಗಳನ್ನಾದರೆ `CL20N` ನಲ್ಲಿ ಕೈಯಿಂದಲೇ ಮತ್ತೆ ಹಾಕಬೇಕು. ಹಳೆಯದು ಏನಿತ್ತು ಅಂತ ಗೊತ್ತಿದ್ದರೆ ಮಾತ್ರ ಅದು ಸಾಧ್ಯ.

## ಹಂತ 2: ಡೆವ್‌ನಲ್ಲಿ ಬದಲಾವಣೆ

`SE10` ನಲ್ಲಿ ಮೊದಲೇ ಒಂದು ಕಸ್ಟಮೈಸಿಂಗ್ ರಿಕ್ವೆಸ್ಟ್ ಮಾಡಿಕೊಳ್ಳಿ. ಸಿಸ್ಟಮ್ ಅದಕ್ಕೆ `DEVK900412` ಥರದ ನಂಬರ್ ಕೊಡುತ್ತದೆ. ವಿವರಣೆಯಲ್ಲಿ ಸುಮ್ನೆ "ಚೇಂಜಸ್" ಅಂತ ಬರೆಯಬೇಡಿ. ಖರೀದಿ ಅಪ್ರೂವಲ್, F1, S2, ಯಾರು ಕೇಳಿದ್ದು ಎಂದು ಬರೆಯಿರಿ. ರಿಕ್ವೆಸ್ಟ್ ಒಳಗೆ ಪ್ರತಿಯೊಬ್ಬರಿಗೂ ಬೇರೆ ಟಾಸ್ಕ್ ಇರುತ್ತದೆ. ರೋಲ್ ಮಾಡುವವರು ಬೇರೆ ಇದ್ದರೆ ರೋಲ್‌ಗೆ ಬೇರೆ ರಿಕ್ವೆಸ್ಟೇ ಇರಲಿ. ಅದು ಮೊದಲೇ ಹೋಗಬೇಕಾಗುತ್ತದೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಂತರ `SPRO` ದಲ್ಲಿ ಪರ್ಚೇಸ್ ಆರ್ಡರ್ ಕೆಳಗಿನ `Define Release Procedure for Purchase Orders` ಗೆ ಹೋಗಿ F1 ಮತ್ತು S2 ಮಾಡಿ. S2 ಒಳಗೆ P1 ಆದ ಮೇಲೆಯೇ F1 ಎಂದು `Release prerequisites` ನಲ್ಲಿ ಹೇಳಿ. `Release statuses` ತುಂಬಿ, ಬೆಲೆಗಳನ್ನು ಹಾಕಿ, `Release simulation` ಒತ್ತಿ ನೋಡಿ.

S1 ಗೇ F1 ಸೇರಿಸಿಬಿಟ್ಟರೆ ಕೆಲಸ ಸುಲಭ ಅಲ್ವಾ ಅಂತ ಅನಿಸಬಹುದು. ಬೇಡ. ಪ್ರೊಡಕ್ಷನ್‌ನಲ್ಲಿ S1 ಹಿಡಿದು ಒಪ್ಪಿಗೆಗೆ ಕಾಯುತ್ತಿರುವ ಆರ್ಡರ್‌ಗಳು ಇರುತ್ತವೆ. ಬಳಕೆಯಲ್ಲಿರುವ ಸ್ಟ್ರಾಟಜಿಯ ಕೋಡ್‌ಗಳನ್ನು ಬದಲಾಯಿಸಿದರೆ ಅವು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತವೆ.

ಇಲ್ಲಿ ಟ್ರಾನ್ಸ್‌ಪೋರ್ಟ್‌ನ ಒಂದು ಗುಣ ಗೊತ್ತಿರಲೇಬೇಕು. ನೀವು ಸೇವ್ ಮಾಡಿದಾಗ ರಿಕ್ವೆಸ್ಟ್‌ನಲ್ಲಿ ದಾಖಲಾಗುವುದು ಟೇಬಲ್ ಸಾಲಿನ ಕೀ ಮಾತ್ರ, ಸಾಲಿನ ಒಳಗಿನ ಮಾಹಿತಿ ಅಲ್ಲ. ಆ ಮಾಹಿತಿಯನ್ನು ಸಿಸ್ಟಮ್ ಓದಿಕೊಳ್ಳುವುದು ರಿಕ್ವೆಸ್ಟ್ ರಿಲೀಸ್ ಮಾಡುವ, ಅಂದರೆ ಅದನ್ನು ಮುಚ್ಚಿ ಮುಂದಕ್ಕೆ ಬಿಡುವ ಕ್ಷಣದಲ್ಲಿ. ಪ್ರೋಗ್ರಾಂಗಳಿಗೆ ಇರುವಂತೆ ಕಸ್ಟಮೈಸಿಂಗ್ ಸಾಲುಗಳಿಗೆ ರಿಕ್ವೆಸ್ಟ್‌ನ ಬೀಗವೂ ಇರುವುದಿಲ್ಲ. ಅಂದರೆ ನೀವು ಸೋಮವಾರ S2 ಮಾಡಿದ್ದೀರಿ, ನಿಮ್ಮ ಸಹೋದ್ಯೋಗಿ ಮಂಗಳವಾರ ಅದೇ ಸಾಲನ್ನು ಬೇರೆ ರಿಕ್ವೆಸ್ಟ್‌ನಲ್ಲಿ ಅರ್ಧ ಬದಲಾಯಿಸಿದ್ದಾರೆ, ನೀವು ಬುಧವಾರ ರಿಲೀಸ್ ಮಾಡಿದಿರಿ. ಆಗ ನಿಮ್ಮ ರಿಕ್ವೆಸ್ಟ್‌ನಲ್ಲಿ ಹೋಗುವುದು ಅವರ ಅರ್ಧ ಕೆಲಸ. ಅವರು ಆ ಸಾಲನ್ನು ಅಳಿಸಿದ್ದರೆ ಮುಂದಿನ ಸಿಸ್ಟಮ್‌ನಲ್ಲೂ ಅದು ಅಳಿಸಿಹೋಗುತ್ತದೆ.

ಹೀಗಾಗಿದೆಯೇ ಎಂದು ರಿಲೀಸ್‌ಗೆ ಮೊದಲೇ ನೋಡಬಹುದು. `SE16` ನಲ್ಲಿ `E071K` ಟೇಬಲ್ ತೆರೆಯಿರಿ. ಅಲ್ಲಿ ಯಾವ ಕೀ ಯಾವ ರಿಕ್ವೆಸ್ಟ್‌ನಲ್ಲಿದೆ ಅಂತ ಸಿಗುತ್ತದೆ. ರಿಲೀಸ್ ಸ್ಟ್ರಾಟಜಿಯ ಟೇಬಲ್ `T16FS` ಹೆಸರು ಕೊಟ್ಟು ಹುಡುಕಿ. ನಿಮ್ಮದಲ್ಲದ, ಇನ್ನೂ ರಿಲೀಸ್ ಆಗದ ರಿಕ್ವೆಸ್ಟ್‌ನಲ್ಲೂ ಅದೇ ಕೀ ಕಂಡರೆ ಅವರ ಜೊತೆ ಮಾತಾಡಿ. ಈ ಎರಡು ನಿಮಿಷದ ಹುಡುಕಾಟವನ್ನು ನಾನು ಯಾವತ್ತೂ ಬಿಡುವುದಿಲ್ಲ.

## ಹಂತ 3: ರಿಲೀಸ್ ಮಾಡದೆ ಮೊದಲ ಪರೀಕ್ಷೆ

ರಿಲೀಸ್ ಮಾಡಿದ ರಿಕ್ವೆಸ್ಟ್‌ಗೆ ಮತ್ತೆ ಏನನ್ನೂ ಸೇರಿಸಲು ಆಗುವುದಿಲ್ಲ. ತಪ್ಪು ಸಿಕ್ಕರೆ ಎರಡನೆಯದು, ಮೂರನೆಯದು ಮಾಡಬೇಕು. ಆಮೇಲೆ ಅವುಗಳನ್ನು ಅದೇ ಕ್ರಮದಲ್ಲಿ ಒಯ್ಯುವ ಹೊಣೆ ಬೇರೆ. ಆದ್ದರಿಂದ ಮೊದಲು ಡೆವ್ ಒಳಗೇ ನೋಡಿ.

120 ಕ್ಲೈಂಟ್‌ಗೆ ಲಾಗಿನ್ ಆಗಿ `SCC1` ಓಡಿಸಿ. ಮೂಲ ಕ್ಲೈಂಟ್ 100, ನಿಮ್ಮ ರಿಕ್ವೆಸ್ಟ್ ನಂಬರ್, ಟಾಸ್ಕ್‌ಗಳನ್ನೂ ಸೇರಿಸಿ ಎಂಬ ಗುರುತು, ಇಷ್ಟೇ. ಹೊಸ ಆವೃತ್ತಿಗಳಲ್ಲಿ ಇದು `SCC1N`. ರಿಲೀಸ್ ಆಗದ ರಿಕ್ವೆಸ್ಟನ್ನೂ ಇದು ಕಾಪಿ ಮಾಡುತ್ತದೆ.

ಈಗ 120 ರಲ್ಲಿ 12 ಲಕ್ಷದ ಆರ್ಡರ್ ಹಾಕಿ. S2 ಬರುವುದಿಲ್ಲ, S1 ಬರುತ್ತದೆ. ಬೆಲೆಗಳು ಬಂದಿಲ್ಲವಲ್ಲ! ಪ್ರೊಡಕ್ಷನ್‌ನಲ್ಲಿ ಆಗಬಹುದಾಗಿದ್ದ ತೊಂದರೆ ಇಲ್ಲೇ ಕಂಡಿತು. `CL20N` ನಲ್ಲಿ ಕ್ಲಾಸ್ ಟೈಪ್ 032 ಕೊಟ್ಟು, ರಿಲೀಸ್ ಗ್ರೂಪ್ ಮತ್ತು S2 ಆರಿಸಿ, ಬೆಲೆ ಹಾಕಿ, S1 ನ ಮೇಲಿನ ಮಿತಿಯನ್ನು 10 ಲಕ್ಷಕ್ಕೆ ಇಳಿಸಿ ಮತ್ತೆ ನೋಡಿ. ಕ್ಲಾಸ್‌ನಲ್ಲಿರುವ ಪ್ರತಿ ಕ್ಯಾರೆಕ್ಟರಿಸ್ಟಿಕ್‌ಗೂ ಬೆಲೆ ಬೇಕು. ಆರ್ಡರ್ ಟೈಪ್ ಖಾಲಿ ಬಿಟ್ಟರೆ "ಯಾವುದಾದರೂ ಸರಿ" ಅಂತ ಸಿಸ್ಟಮ್ ಅರ್ಥ ಮಾಡಿಕೊಳ್ಳುವುದಿಲ್ಲ, ಸ್ಟ್ರಾಟಜಿ ಸಿಗುವುದೇ ಇಲ್ಲ.

## ಹಂತ 4: ಕ್ವಾಲಿಟಿಗೆ

`SE10` ನಲ್ಲಿ ಮೊದಲು ಟಾಸ್ಕ್‌ಗಳನ್ನು, ನಂತರ ರಿಕ್ವೆಸ್ಟನ್ನು ರಿಲೀಸ್ ಮಾಡಿ. ಆಗ ಟ್ರಾನ್ಸ್‌ಪೋರ್ಟ್ ಡೈರೆಕ್ಟರಿಯಲ್ಲಿ ಎರಡು ಫೈಲ್ ಹುಟ್ಟುತ್ತವೆ, `K900412.DEV` ಮತ್ತು `R900412.DEV`. ರಿಕ್ವೆಸ್ಟ್ ಕ್ವಾಲಿಟಿಯ ಇಂಪೋರ್ಟ್ ಕ್ಯೂನಲ್ಲಿ ಕಾಣುತ್ತದೆ. `STMS` ನಲ್ಲಿ ಆ ಕ್ಯೂ ತೆರೆದು ಕ್ಲೈಂಟ್ 200 ಕ್ಕೆ ಇಂಪೋರ್ಟ್ ಮಾಡಿ.

ಮುಗಿದ ಮೇಲೆ ರಿಟರ್ನ್ ಕೋಡ್ ಬರುತ್ತದೆ. 0 ಅಂದರೆ ಸರಿ. 4 ಅಂದರೆ ಎಚ್ಚರಿಕೆ, ಲಾಗ್ ಓದಿ ಮುಂದುವರಿಯಬಹುದು. 8 ಅಂದರೆ ಏನೋ ಒಂದು ಭಾಗ ಹೋಗಿಲ್ಲ, ಅಲ್ಲಿಗೇ ನಿಲ್ಲಿಸಿ. 12 ಬಂದರೆ ಸಿಸ್ಟಮ್ ನೋಡಿಕೊಳ್ಳುವ ಬೇಸಿಸ್‌ನವರನ್ನು ಕರೆಯಿರಿ. ಆದರೆ 0 ಬಂತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ರಿಕ್ವೆಸ್ಟ್‌ನಲ್ಲಿ ಏನಿತ್ತೋ ಅದು ತಲುಪಿದೆ ಎಂದಷ್ಟೇ ಅದರ ಅರ್ಥ. ರಿಕ್ವೆಸ್ಟ್‌ನಲ್ಲಿ ಇಲ್ಲದ ಬೆಲೆಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಈಗ ಹಾಳೆ ನೋಡಿಕೊಂಡು ಕೈಕೆಲಸ ಮಾಡಿ. ನೆನಪಿನಿಂದ ಬೇಡ, ಹಾಳೆಯಲ್ಲಿ ಬರೆದ ಕ್ರಮದಲ್ಲೇ ಮಾಡಿ. ಕ್ವಾಲಿಟಿಯಲ್ಲಿ ಬದಲಾವಣೆಯ ಜೊತೆಗೆ ಆ ಹಾಳೆಯ ಪರೀಕ್ಷೆಯೂ ಆಗುತ್ತದೆ. ಬರೆಯದ ಒಂದು ಹೆಜ್ಜೆ ಬೇಕಾಯಿತು ಅಂದರೆ ತಕ್ಷಣ ಹಾಳೆಗೆ ಸೇರಿಸಿ.

ಪರೀಕ್ಷೆಯನ್ನು ಗಡಿಗಳಲ್ಲಿ ಮಾಡಿ. ಸರಿಯಾಗಿ 5,00,000 ರ ಆರ್ಡರ್‌ಗೆ ಒಪ್ಪಿಗೆ ಕೇಳಬಾರದು. 5,00,001 ಕ್ಕೆ P1 ಮಾತ್ರ. 10,00,000 ಕ್ಕೂ P1 ಮಾತ್ರ. 10,00,001 ಕ್ಕೆ P1, ಆಮೇಲೆ F1. `ME29N` ನಲ್ಲಿ P1 ಗಿಂತ ಮೊದಲು F1 ಒಪ್ಪಲು ಹೋದರೆ ಬಿಡಬಾರದು.

ಎಲ್ಲರೂ ಬಿಟ್ಟುಬಿಡುವ ಪರೀಕ್ಷೆ ಇನ್ನೊಂದಿದೆ. 9 ಲಕ್ಷದ ಆರ್ಡರ್ ಮಾಡಿ, P1 ಒಪ್ಪಲಿ. ಆಮೇಲೆ ಅದೇ ಆರ್ಡರ್‌ನ ಪ್ರಮಾಣ ಹೆಚ್ಚಿಸಿ 12 ಲಕ್ಷ ಮಾಡಿ. ಅದು S2 ಗೆ ಹೋಗಿ ಮತ್ತೆ ಒಪ್ಪಿಗೆ ಕೇಳಬೇಕು. ಕೇಳದಿದ್ದರೆ ರಿಲೀಸ್ ಇಂಡಿಕೇಟರ್‌ನ ಬದಲಾವಣೆ ಕೋಡ್ ನೋಡಿ. ಅಲ್ಲಿ 2 ಇದ್ದರೆ ಆರ್ಡರ್ ಬದಲಾಯಿಸಬಹುದು, ಆದರೆ ಸ್ಟ್ರಾಟಜಿಯನ್ನು ಮತ್ತೆ ಹುಡುಕುವುದಿಲ್ಲ. 4 ಇದ್ದರೆ ಹೊಸ ಸ್ಟ್ರಾಟಜಿ ಬಂದಾಗ ಅಥವಾ ಮೊತ್ತ ಬದಲಾದಾಗ ಮತ್ತೆ ಒಪ್ಪಿಗೆ ಕೇಳುತ್ತದೆ. ಹರಾಜಿನಲ್ಲಿ ಚೀಲಗಳ ಲೆಕ್ಕ ಕೊನೆ ಗಳಿಗೆಯಲ್ಲಿ ಬದಲಾಗುವ ವ್ಯಾಪಾರದಲ್ಲಿ ಇದು ದೊಡ್ಡ ಕಿಂಡಿ.

ಪರೀಕ್ಷೆ ಮಾಡುವವರ ಯೂಸರ್‌ಗೆ ನಿಜವಾದ ರೋಲ್ ಮಾತ್ರ ಇರಲಿ. ಎಲ್ಲ ಅಧಿಕಾರವನ್ನೂ ಕೊಡುವ `SAP_ALL` ಇರುವ ಐಡಿಯಿಂದ ಎಲ್ಲವೂ ಪಾಸಾಗುತ್ತದೆ. ಆಮೇಲೆ ಪ್ರೊಡಕ್ಷನ್‌ನಲ್ಲಿ ಫೈನಾನ್ಸ್ ಮುಖ್ಯಸ್ಥರ ಪರದೆಯಲ್ಲಿ ಅಧಿಕಾರ ಇಲ್ಲ ಎಂದು ಬರುತ್ತದೆ. ರೋಲ್‌ನಲ್ಲಿ ನೋಡಬೇಕಾದದ್ದು `M_EINK_FRG`. ಅದರಲ್ಲಿ ರಿಲೀಸ್ ಗ್ರೂಪ್ ಮತ್ತು F1 ಎರಡೂ ಇರಬೇಕು.

## ಹಂತ 5: ಪ್ರೊಡಕ್ಷನ್ ದಿನ

ಬ್ಯಾಡಗಿ ಮಾರುಕಟ್ಟೆಯಲ್ಲಿ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಆ ಎರಡು ದಿನ ಬೇಡ. ಅವುಗಳ ಹಿಂದಿನ ಸಂಜೆಯೂ ಬೇಡ, ಏನಾದರೂ ಕೆಟ್ಟರೆ ಸರಿ ಮಾಡಲು ಹೊತ್ತು ಸಿಗುವುದಿಲ್ಲ. ಶುಕ್ರವಾರ ಸಂಜೆ ಖರೀದಿ ವಿಭಾಗ ಮುಗಿಸಿದ ಮೇಲೆ ಮಾಡಿ, ಶನಿವಾರ ಕೈಯಲ್ಲಿ ಉಳಿಯುತ್ತದೆ.

ಮೊದಲು `ME28` ನಲ್ಲಿ ಬಾಕಿ ಇರುವ ಒಪ್ಪಿಗೆಗಳ ಪಟ್ಟಿ ತೆಗೆಯಿರಿ. ಈಗಾಗಲೇ S1 ಹಿಡಿದಿರುವ ಆರ್ಡರ್‌ಗಳು ತಾವಾಗಿ S2 ಗೆ ಹೋಗುವುದಿಲ್ಲ. 10 ಲಕ್ಷ ದಾಟಿದವು ಇದ್ದರೆ ಹಳೆಯ ನಿಯಮದಲ್ಲೇ ಮುಗಿಸುವುದೋ ಬೇಡವೋ ಅಂತ ಮ್ಯಾನೇಜರ್ ಹೇಳಲಿ.

ಆಮೇಲೆ ಕ್ರಮ ಹೀಗಿರಲಿ. ಮೊದಲು ರೋಲ್ ಇಂಪೋರ್ಟ್ ಮಾಡಿ, ಫೈನಾನ್ಸ್ ಮುಖ್ಯಸ್ಥರ ಯೂಸರ್‌ಗೆ ಜೋಡಿಸಿ. ಇದು ಹಿಂದೆ ಬಿದ್ದರೆ S2 ಶುರುವಾದ ಕೂಡಲೇ ದೊಡ್ಡ ಆರ್ಡರ್‌ಗಳೆಲ್ಲ ನಿಲ್ಲುತ್ತವೆ, ಒಪ್ಪಲು ಯಾರಿಗೂ ಅಧಿಕಾರ ಇರುವುದಿಲ್ಲ. ಎರಡನೆಯದು, ಕ್ವಾಲಿಟಿಗೆ ಹೋದ ಕ್ರಮದಲ್ಲೇ `DEVK900412` ಇಂಪೋರ್ಟ್. ನಡುವೆ ತಿದ್ದುಪಡಿಯ ರಿಕ್ವೆಸ್ಟ್ ಇದ್ದರೆ ಅದು ಯಾವತ್ತೂ ನಂತರವೇ ಹೋಗಬೇಕು. ಮೊದಲೇ ಹೋದರೆ ಹಳೆಯ ರಿಕ್ವೆಸ್ಟ್ ಬಂದು ತಿದ್ದಿದ ಸಾಲಿನ ಮೇಲೆ ಹಳೆಯ ಮಾಹಿತಿ ಬರೆಯುತ್ತದೆ.

ಮೂರನೆಯದು `CL20N`. ಇಲ್ಲಿ S2 ಗೆ ಮೊದಲು ಬೆಲೆ ಹಾಕಿ, ಆಮೇಲೆ S1 ನ ಮೇಲಿನ ಮಿತಿಯನ್ನು 10 ಲಕ್ಷಕ್ಕೆ ಇಳಿಸಿ. ತಿರುಗಿಸಿ ಮಾಡಿದರೆ ಮಧ್ಯದ ಆ ಕೆಲವು ನಿಮಿಷ 12 ಲಕ್ಷದ ಆರ್ಡರ್ S1 ಗೂ ಸೇರುವುದಿಲ್ಲ, S2 ಗೂ ಸೇರುವುದಿಲ್ಲ. ಸ್ಟ್ರಾಟಜಿ ಸಿಗದ ಆರ್ಡರ್‌ಗೆ ಎಸ್‌ಎಪಿ ಒಪ್ಪಿಗೆಯನ್ನೇ ಕೇಳುವುದಿಲ್ಲ, ನೇರವಾಗಿ ಬಿಟ್ಟುಬಿಡುತ್ತದೆ. ಸರಿಯಾದ ಕ್ರಮದಲ್ಲಿ ಮಾಡಿದರೆ ಆ ನಿಮಿಷಗಳಲ್ಲಿ ಎರಡಕ್ಕೂ ಹೊಂದಬಹುದು, ಆದರೆ ಕನಿಷ್ಠ ಮ್ಯಾನೇಜರ್ ಒಪ್ಪಿಗೆಯಾದರೂ ಇದ್ದೇ ಇರುತ್ತದೆ.

ಹಿಂದಕ್ಕೆ ಹೋಗಬೇಕಾದರೆ ಇದೇ ದಾರಿ ಉಲ್ಟಾ. S1 ಗೆ ಮೊದಲು ಹಳೆಯ ಬೆಲೆ, ಅಂದರೆ 5 ಲಕ್ಷಕ್ಕಿಂತ ಜಾಸ್ತಿ ಎಲ್ಲವೂ ಎಂದು ಹಾಕಿ. ನಂತರ S2 ನ ಬೆಲೆ ತೆಗೆಯಿರಿ. F1 ಮತ್ತು S2 ಅಲ್ಲೇ ಇರಲಿ, ಬೆಲೆ ಇಲ್ಲದ ಸ್ಟ್ರಾಟಜಿಯನ್ನು ಹೊಸ ಆರ್ಡರ್‌ಗಳು ಹಿಡಿಯುವುದಿಲ್ಲ. ಅಳಿಸಲು ಹೋದರೆ ಈಗಾಗಲೇ S2 ಹಿಡಿದ ಆರ್ಡರ್‌ಗಳು ಅನಾಥವಾಗುತ್ತವೆ.

## ಹಂತ 6: ಮೊದಲ ಸೋಮವಾರ

ವಹಿವಾಟು ಮುಗಿದ ಸಂಜೆ `SE16` ನಲ್ಲಿ `EKKO` ತೆರೆಯಿರಿ. `FRGSX` ಗೆ S1, `RLWRT` ಗೆ 10,00,000 ಕ್ಕಿಂತ ಜಾಸ್ತಿ, ಆರ್ಡರ್ ತಾರೀಕಿಗೆ ಬದಲಾವಣೆಯ ಮರುದಿನದಿಂದ ಎಂದು ಕೊಡಿ. ಒಂದು ಸಾಲೂ ಬರಬಾರದು. ಬಂದರೆ S1 ನ ಬೆಲೆ ಇನ್ನೂ ಹಳೆಯದೇ ಇದೆ, `CL20N` ಗೆ ಹೋಗಿ. ಇನ್ನೊಮ್ಮೆ `FRGSX` ಖಾಲಿ ಎಂದು ಕೊಟ್ಟು, NB ಮತ್ತು ZCH ಟೈಪ್‌ಗೆ ಹುಡುಕಿ. ಆ ಪಟ್ಟಿಯಲ್ಲಿರುವ ಆರ್ಡರ್‌ಗಳ ಮೊತ್ತವನ್ನು `ME2N` ನಲ್ಲಿ ನೋಡಿ. 5 ಲಕ್ಷ ದಾಟಿದ ಒಂದು ಆರ್ಡರ್ ಅಲ್ಲಿದ್ದರೂ ಅದು ಯಾರ ಒಪ್ಪಿಗೆಯೂ ಇಲ್ಲದೆ ಹೋಗಿದೆ. ಸಪ್ಲೈಯರ್‌ಗೆ ಹಣ ಹೋಗುವ ಮೊದಲೇ ಫೈನಾನ್ಸ್‌ಗೆ ತಿಳಿಸಿ.

ಮುಂದಿನ ಸಲ ಕ್ವಾಲಿಟಿಯನ್ನು ಪ್ರೊಡಕ್ಷನ್‌ನ ಕಾಪಿಯಿಂದ ಹೊಸದಾಗಿ ಮಾಡುವಾಗಲೂ ಈ ಹಾಳೆ ಬೇಕಾಗುತ್ತದೆ. ಆ ಹೊತ್ತಿಗೆ ಕ್ವಾಲಿಟಿಯಲ್ಲಿದ್ದು ಇನ್ನೂ ಪ್ರೊಡಕ್ಷನ್‌ಗೆ ಹೋಗದ ರಿಕ್ವೆಸ್ಟ್‌ಗಳು ಕಾಪಿಯಲ್ಲಿ ಅಳಿಸಿಹೋಗುತ್ತವೆ. ಅವನ್ನು ಅದೇ ಕ್ರಮದಲ್ಲಿ ಮತ್ತೆ ಇಂಪೋರ್ಟ್ ಮಾಡಿ, ಅವುಗಳ ಕೈಕೆಲಸವನ್ನೂ ಮತ್ತೆ ಮಾಡಬೇಕು.